ಸಂದರ್ಶನಕ್ಕೆ ಮುನ್ನ ಹುದ್ದೆಯನ್ನು ಬರೆದಿಡಿ

ಸಣ್ಣ ಘಟಕಗಳಲ್ಲಿ ಹುದ್ದೆಯೊಂದು ತೆರವಾದೊಡನೆ ಜಾಹೀರಾತು ಹೊರಡುತ್ತದೆ. ಸಂದರ್ಶನದ ಪ್ರಶ್ನೆಗಳು ಮಾತ್ರ ಅಭ್ಯರ್ಥಿಯು ಎದುರು ಕುಳಿತ ಮೇಲೆ ಹೊಳೆಯುತ್ತವೆ. ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆ ಕೇಳಿ, ಕೊನೆಗೆ ಚೆನ್ನಾಗಿ ಮಾತನಾಡಿದವರನ್ನು ಆರಿಸುತ್ತೇವೆ. ಆರು ತಿಂಗಳ ಬಳಿಕ ಅಸಮಾಧಾನ ತಲೆದೋರಿದಾಗ, ಅವರಿಂದ ಏನನ್ನು ನಿರೀಕ್ಷಿಸಿದ್ದೆವೆಂಬುದು ಎಲ್ಲಿಯೂ ಬರಹದಲ್ಲಿ ಇರುವುದಿಲ್ಲ.

ಉದಾಹರಣೆಗೆ, ಪೀಣ್ಯದಲ್ಲಿ ಯಂತ್ರಭಾಗಗಳನ್ನು ತಯಾರಿಸುವ, 40 ಕಾರ್ಮಿಕರಿರುವ ಘಟಕವೊಂದಕ್ಕೆ ಖರೀದಿ ಅಧಿಕಾರಿ ಬೇಕಾಗಿದ್ದಾರೆ ಎಂದಿಟ್ಟುಕೊಳ್ಳೋಣ. ‘ಪದವೀಧರ, 5 ವರ್ಷಗಳ ಅನುಭವ’ ಎಂಬುದು ಅರ್ಹತೆಯೇ ಹೊರತು ಕೆಲಸದ ವಿವರಣೆಯಲ್ಲ. ಈ ಹುದ್ದೆ ಏಕೆ ಬೇಕು, ದಿನನಿತ್ಯದ ಕೆಲಸಗಳಾವುವು, ಯಾರಿಗೆ ಉತ್ತರದಾಯಿ, ಎಷ್ಟು ಮೊತ್ತದವರೆಗೆ ಸ್ವತಃ ನಿರ್ಧರಿಸಬಹುದು ಎಂಬ ನಾಲ್ಕು ಸಂಗತಿಗಳು ವಿವರಣೆಯಲ್ಲಿರಬೇಕು. ಕೊನೆಯದನ್ನು ಬಿಡುವವರೇ ಹೆಚ್ಚು. 5,000 ರೂಪಾಯಿಗಳ ಖರೀದಿಗೂ ಮಾಲೀಕರ ಸಹಿ ಬೇಕೆಂದಾದರೆ, ಆ ಘಟಕಕ್ಕೆ ಬೇಕಿರುವುದು ಗುಮಾಸ್ತರು, ಅಧಿಕಾರಿಯಲ್ಲ.

ವಿವರಣೆಯು ಕೆಲಸವನ್ನು ಹೇಳಿದರೆ, ಸ್ಕೋರ್‌ಕಾರ್ಡ್ ಆ ಕೆಲಸದಿಂದ ದೊರೆಯಬೇಕಾದ ಫಲವನ್ನು ಹೇಳುತ್ತದೆ. ಇಲ್ಲಿ ಮೂರು ಫಲಗಳು ಸಾಕು. ಕಚ್ಚಾಮಾಲಿನ ಕೊರತೆಯಿಂದ ಯಂತ್ರಗಳು ನಿಲ್ಲುವುದು ತಿಂಗಳಿಗೆ 6 ಬಾರಿಯಿಂದ ಆರು ತಿಂಗಳೊಳಗೆ 1ಕ್ಕೆ ಇಳಿಯಬೇಕು. ಮುಖ್ಯವಾದ 10 ಸಾಮಗ್ರಿಗಳಿಗೆ ತಲಾ ಇಬ್ಬರು ಪೂರೈಕೆದಾರರು ದೊರೆಯಬೇಕು. ದಾಸ್ತಾನು 60 ದಿನಗಳ ಬಳಕೆಯ ಪ್ರಮಾಣದಿಂದ ವರ್ಷದೊಳಗೆ 40 ದಿನಗಳಿಗೆ ಬರಬೇಕು. ಮೊದಲನೆಯ ಹಾಗೂ ಮೂರನೆಯ ಗುರಿಗಳು ಒಂದಕ್ಕೊಂದು ಎದುರು ಎಳೆಯುತ್ತವೆ. ಅವೆರಡನ್ನೂ ತೂಗಿಸುವುದೇ ಈ ಹುದ್ದೆಯ ತಿರುಳು. ‘ಉಕ್ಕಿನ ದರವನ್ನು ಶೇ. 10ರಷ್ಟು ತಗ್ಗಿಸುವುದು’ ಎಂದು ಬರೆಯುವುದು ತರವಲ್ಲ. ಮಾರುಕಟ್ಟೆಯ ದರ ಅಧಿಕಾರಿಯ ಕೈಯಲ್ಲಿಲ್ಲ.

ಪ್ರಶ್ನೆಗಳ ಸರದಿ ಈಗ. ಮೊದಲನೆಯ ಫಲಕ್ಕೆ ಹೀಗೆ ಕೇಳಬಹುದು: “ಸಾಮಗ್ರಿ ಬಾರದೆ ಉತ್ಪಾದನೆ ನಿಂತ ಒಂದು ಸಂದರ್ಭವನ್ನು ತಿಳಿಸಿ. ನಿಮಗೆ ಅದು ಯಾವಾಗ ಗೊತ್ತಾಯಿತು? ಏನು ಮಾಡಿದಿರಿ?” ಉತ್ತರಕ್ಕೆ ಅಂಕ ನೀಡುವ ಅಳತೆಯನ್ನೂ ಮೊದಲೇ ಬರೆದಿಡಬೇಕು. ಪೂರೈಕೆದಾರರನ್ನು ದೂರಿ ಸುಮ್ಮನಾದವರಿಗೆ 1. ಆ ಹೊತ್ತಿಗೆ ಬದಲಿ ವ್ಯವಸ್ಥೆ ಮಾಡಿದವರಿಗೆ 3. ಕೊರತೆ ಮರುಕಳಿಸದಂತೆ ಮರುಖರೀದಿಯ ಮಟ್ಟವನ್ನೇ ತಿದ್ದಿದವರಿಗೆ 5. ಯಾವ ಫಲಕ್ಕೂ ಸಂಬಂಧಿಸದ ಪ್ರಶ್ನೆಯನ್ನು ಕೈಬಿಡಬೇಕು. ಪ್ರಶ್ನೆಯೇ ಇಲ್ಲದ ಫಲ ಉಳಿದಿದ್ದರೆ ಅದಕ್ಕೊಂದು ಪ್ರಶ್ನೆ ಸೇರಿಸಬೇಕು.

ಸಂದರ್ಶಕರು ಪರಸ್ಪರ ಚರ್ಚಿಸುವ ಮೊದಲೇ ಪ್ರತ್ಯೇಕವಾಗಿ ಅಂಕ ಬರೆಯುವುದು ಒಳಿತು. ಇಲ್ಲವಾದರೆ ಹಿರಿಯರ ಅಭಿಪ್ರಾಯವೇ ಎಲ್ಲರದೂ ಆಗುತ್ತದೆ. ಒಟ್ಟು ಮೊತ್ತವನ್ನಷ್ಟೇ ನೋಡುವುದೂ ಸಲ್ಲದು. 5, 5, 1 ಪಡೆದವರ ಮೊತ್ತ 11. 3, 4, 3 ಪಡೆದವರದು 10. ಆದರೆ ದಾಸ್ತಾನು ನಿರ್ವಹಣೆಯಲ್ಲಿ 1 ಪಡೆದವರ ಕೈಯಲ್ಲಿ ಘಟಕದ ದುಡಿಯುವ ಬಂಡವಾಳವೆಲ್ಲ ಗೋದಾಮಿನಲ್ಲಿ ಸಿಲುಕಬಹುದು. ಆದ್ದರಿಂದ ಪ್ರತಿಯೊಂದು ಫಲಕ್ಕೂ ಕನಿಷ್ಠ 3 ಅಂಕಗಳ ನಿಯಮವಿರಲಿ.

ನೇಮಕವಾದ ದಿನವೇ ಆ ಹಾಳೆಯ ಪ್ರತಿಯನ್ನು ಹೊಸ ಅಧಿಕಾರಿಗೆ ನೀಡಿದರೆ, ಆರು ತಿಂಗಳ ಪರಾಮರ್ಶೆಗೆ ಬೇರೆ ಕಾಗದ ಬೇಕಾಗುವುದಿಲ್ಲ.