ಜನರೇಟರ್ ಓಡ್ತಿದೆ, ಆದ್ರೂ ಹಾಸ್ಟೆಲ್ ಕತ್ತಲು!

ಹೋದ ಸೆಮಿಸ್ಟರ್ ಇಂಟರ್ನಲ್ಸ್ ಹಿಂದಿನ ರಾತ್ರಿ. ಸಂಜೆಯಿಂದಲೇ ಲೈಟುಗಳು ಡಿಮ್ ಆಗಿದ್ವು. ಮೆಟ್ಟಿಲ ಕೆಳಗಿನ ಪ್ಯಾನೆಲ್ ರೂಮಿನಿಂದ "ಕಟ್... ಕಟ್... ಗುಂಯ್" ಅಂತ ಆಗಾಗ ಶಬ್ದ ಬರ್ತಿತ್ತು. ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ. ಎಂಟೂಮುಕ್ಕಾಲಿಗೆ ಕರೆಂಟ್ ಪೂರ್ತಿ ಹೋಯ್ತು. ಹತ್ತು ಸೆಕೆಂಡಿನಲ್ಲಿ ಹಿಂದುಗಡೆ ಜನರೇಟರ್ ಸ್ಟಾರ್ಟ್ ಆದ ಸದ್ದು ಕೇಳಿ ಎಲ್ಲರೂ "ಬಂತು" ಅಂದ್ವಿ. ಆದ್ರೆ ಬರಲಿಲ್ಲ. ಜನರೇಟರ್ ಆರಾಮಾಗಿ ಓಡ್ತಾನೇ ಇದೆ, ಒಂದು ಬಲ್ಬೂ ಹತ್ತಲಿಲ್ಲ.

ಇಇಇ ಸ್ಟೂಡೆಂಟ್ ಅಂತ ಎಲ್ಲರೂ ನನ್ನ ಮುಖ ನೋಡಿದ್ರು. ನನಗೆ ಗೊತ್ತಿದ್ದದ್ದು ಲ್ಯಾಬಿನ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಮಾತ್ರ. ಹಾಸ್ಟೆಲ್ ಎಲೆಕ್ಟ್ರಿಷಿಯನ್ ಅಣ್ಣ ಬಂದ ಮೇಲೆ ಟಾರ್ಚ್ ಹಿಡಿದು ನಿಂತು ನೋಡಿ ಕಲಿತದ್ದನ್ನ ಇಲ್ಲಿ ಬರೀತಿದ್ದೀನಿ. ಇಂಗ್ಲಿಷ್ ಪದಗಳು ಜಾಸ್ತಿ ಇವೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಪ್ಯಾನೆಲ್ ಒಳಗೆ ಏನಿರುತ್ತೆ?

ನಮ್ಮದು ಹಳೇ ಪ್ಯಾನೆಲ್. ಒಳಗೆ ಎರಡು ದೊಡ್ಡ ಕಾಂಟ್ಯಾಕ್ಟರ್‌ಗಳಿವೆ: ಒಂದು ಮೇನ್ಸ್‌ಗೆ, ಇನ್ನೊಂದು ಜನರೇಟರ್‌ಗೆ. ಎರಡರ ಔಟ್‌ಪುಟ್ ಸೇರೋದು ಒಂದೇ ಬಸ್‌ಬಾರ್‌ಗೆ, ಅಲ್ಲಿಂದ ಹಾಸ್ಟೆಲ್‌ಗೆ. ಕಾಂಟ್ಯಾಕ್ಟರ್ ಅಂದ್ರೆ ಮ್ಯಾಗ್ನೆಟ್‌ನಿಂದ ನಡೆಯೋ ಸ್ವಿಚ್. ಕಾಯಿಲ್‌ಗೆ 230 ವೋಲ್ಟ್ ಕೊಟ್ರೆ ಅದು ಎಳೆದುಕೊಂಡು ಮೂರು ಫೇಸನ್ನೂ ಕೂಡಿಸುತ್ತೆ. ಕಾಯಿಲ್ ವೋಲ್ಟೇಜ್ ಹೋದ್ರೆ ಸ್ಪ್ರಿಂಗ್ ಬಿಡಿಸುತ್ತೆ.

ಯಾವುದು ಯಾವಾಗ ಕೂಡಬೇಕು ಅಂತ ಹೇಳೋದು ಕಂಟ್ರೋಲರ್. ಅದು ಜನರೇಟರ್‌ನ 12 ವೋಲ್ಟ್ ಬ್ಯಾಟರಿಯಿಂದ ನಡೆಯುತ್ತೆ, ಇಲ್ಲದಿದ್ರೆ ಕತ್ತಲಲ್ಲಿ ಎಂಜಿನ್ ಸ್ಟಾರ್ಟ್ ಮಾಡೋಕೆ ಅದಕ್ಕೇ ಜೀವ ಇರಲ್ಲ. ಆದ್ರೆ ಕಾಂಟ್ಯಾಕ್ಟರ್ ಕಾಯಿಲ್‌ಗೆ ಬೇಕಾದ 230 ವೋಲ್ಟ್ ಬ್ಯಾಟರಿಯಿಂದ ಬರಲ್ಲ. ಮೇನ್ಸ್ ಕಾಂಟ್ಯಾಕ್ಟರ್ ಕಾಯಿಲ್‌ಗೆ ಮೇನ್ಸ್‌ನ ಆರ್ ಫೇಸಿನಿಂದ, ಜನರೇಟರ್ ಕಾಂಟ್ಯಾಕ್ಟರ್ ಕಾಯಿಲ್‌ಗೆ ಜನರೇಟರ್‌ನ ಆರ್ ಫೇಸಿನಿಂದ ಬರುತ್ತೆ.

ಇನ್ನೊಂದು ಮುಖ್ಯ ವಿಷಯ ಇಂಟರ್‌ಲಾಕ್. ಎರಡೂ ಕಾಂಟ್ಯಾಕ್ಟರ್ ಒಟ್ಟಿಗೆ ಕೂಡಲೇಬಾರದು. ಅದಕ್ಕೆ ಜನರೇಟರ್ ಕಾಯಿಲ್‌ಗೆ ಹೋಗೋ ವೈರು ಮೇನ್ಸ್ ಕಾಂಟ್ಯಾಕ್ಟರ್‌ನ ಒಂದು ಸಣ್ಣ ಎನ್‌ಸಿ ಕಾಂಟ್ಯಾಕ್ಟ್ ಮೂಲಕ ಹೋಗುತ್ತೆ. ಮೇನ್ಸ್ ಕಾಂಟ್ಯಾಕ್ಟರ್ ಪೂರ್ತಿ ಬಿಟ್ಟರೆ ಮಾತ್ರ ಆ ಎನ್‌ಸಿ ಕೂಡುತ್ತೆ, ಆಮೇಲೇ ಜನರೇಟರ್ ಕಾಯಿಲ್‌ಗೆ ದಾರಿ.

ಸ್ಕ್ರೂಡ್ರೈವರ್ ಐಡಿಯಾ

ಅಣ್ಣ ಬರೋಕೆ ಮುಂಚೆ ಫೈನಲ್ ಇಯರ್ ಸೀನಿಯರ್ ಒಬ್ರು ಪ್ಯಾನೆಲ್ ಬಾಗಿಲು ತೆಗೆದು, ಇನ್ಸುಲೇಟೆಡ್ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ರು. ಜನರೇಟರ್ ಕಾಂಟ್ಯಾಕ್ಟರ್‌ನ ಮುಂಭಾಗ ಒತ್ತಿದ್ರೆ ಕೈಯಿಂದಲೇ ಕೂಡಿಸಬಹುದು, ಯೂಟ್ಯೂಬ್‌ನಲ್ಲಿ ನೋಡಿದ್ದೀನಿ ಅಂದ್ರು. ಅಷ್ಟರಲ್ಲಿ ಅಣ್ಣ ಬಂದು ಕಿರುಚಿದ್ರು: "ಏಯ್, ಕೈ ತೆಗಿಯಪ್ಪ! ಅದು ಯಾಕೆ ಕೂಡಿಲ್ಲ ಅಂತ ಗೊತ್ತಾಗೋವರೆಗೂ ಅದನ್ನ ಮುಟ್ಟಬೇಡ." ಅವರು ಯಾಕೆ ಅಷ್ಟು ಹೆದರಿದ್ರು ಅಂತ ಆಮೇಲೆ ಗೊತ್ತಾಯ್ತು.

ಮೂರು ಪ್ರಶ್ನೆ, ಒಂದು ಮೀಟರ್

ಅಣ್ಣ ಕೇಳಿಕೊಂಡದ್ದು ಮೂರೇ ಪ್ರಶ್ನೆ. ಕಂಟ್ರೋಲರ್‌ಗೆ ಪರಿಸ್ಥಿತಿ ಸರಿಯಾಗಿ ಗೊತ್ತಾಗಿದ್ಯಾ? ಕಾಯಿಲ್‌ಗೆ ಕೊಡೋಕೆ ಕಂಟ್ರೋಲ್ ಸಪ್ಲೈ ಇದ್ಯಾ? ಇವೆರಡೂ ಸರಿ ಇದ್ರೆ ದಾರಿಯಲ್ಲಿ ಎಲ್ಲಿ ತಡೆ ಆಗಿದೆ?

ಮೊದಲನೆಯದು ಸೆನ್ಸಿಂಗ್. ಪ್ಯಾನೆಲ್ ಬಾಗಿಲಿನ ವೋಲ್ಟ್‌ಮೀಟರ್ 415 ತೋರಿಸ್ತಿದೆ ಅಂತ ಕಂಟ್ರೋಲರ್‌ಗೂ 415 ಕಾಣ್ತಿದೆ ಅಂತಲ್ಲ. ಎರಡಕ್ಕೂ ಬೇರೆ ಬೇರೆ ಫ್ಯೂಸ್ ಇರುತ್ತೆ. ಸೆನ್ಸಿಂಗ್ ಫ್ಯೂಸ್ ಹೋಗಿದ್ರೆ ಜನರೇಟರ್ ಚೆನ್ನಾಗಿ ಓಡ್ತಿದ್ರೂ ಕಂಟ್ರೋಲರ್ "ಇನ್ನೂ ವೋಲ್ಟೇಜ್ ಬಂದಿಲ್ಲ" ಅಂತ ಕಾಯ್ತಾ ಕೂರುತ್ತೆ. ಅದಕ್ಕೆ ಅಣ್ಣ ಕಂಟ್ರೋಲರ್‌ನ ಸ್ವಂತ ಡಿಸ್‌ಪ್ಲೇ ನೋಡಿದ್ರು. ಮೇನ್ಸ್ ಸೊನ್ನೆ, ಜನರೇಟರ್ ಮೂರು ಫೇಸೂ 230ರ ಹತ್ತಿರ, ಫ್ರೀಕ್ವೆನ್ಸಿ 50ಕ್ಕಿಂತ ಸ್ವಲ್ಪ ಮೇಲೆ, "ಲೋಡ್ ಆನ್ ಜನರೇಟರ್" ಅನ್ನೋ ಲೈಟೂ ಹತ್ತಿದೆ. ಅಂದ್ರೆ ಕಂಟ್ರೋಲರ್‌ಗೆ ಎಲ್ಲಾ ಗೊತ್ತು, ಆರ್ಡರ್ ಕೂಡ ಕೊಟ್ಟಿದೆ.

ಮುಂದೆ ಮಲ್ಟಿಮೀಟರ್. ರಬ್ಬರ್ ಮ್ಯಾಟ್ ಮೇಲೆ ನಿಂತು, ಕಪ್ಪು ಪ್ರೋಬನ್ನ ಜನರೇಟರ್ ನ್ಯೂಟ್ರಲ್‌ಗೆ ಇಟ್ಟು, ಕೆಂಪು ಪ್ರೋಬನ್ನ ದಾರಿಯುದ್ದಕ್ಕೂ ಒಂದೊಂದೇ ಟರ್ಮಿನಲ್‌ಗೆ ಇಡ್ತಾ ಹೋದ್ರು. ನಾನು ಫೋನಿನಲ್ಲಿ ಬರ್ಕೊಂಡೆ:

ಕಂಟ್ರೋಲ್ ಎಂಸಿಬಿ ಆದ ಮೇಲೆ: 232 ವೋಲ್ಟ್.
ಕಂಟ್ರೋಲರ್‌ನ ರಿಲೇ ಔಟ್‌ಪುಟ್ ಆದ ಮೇಲೆ: 232.
ಮೇನ್ಸ್ ಕಾಂಟ್ಯಾಕ್ಟರ್‌ನ ಎನ್‌ಸಿ, ಒಳಗೆ ಹೋಗೋ ಕಡೆ (21): 232.
ಅದೇ ಎನ್‌ಸಿ, ಹೊರಗೆ ಬರೋ ಕಡೆ (22): 0.
ಜನರೇಟರ್ ಕಾಯಿಲ್ (ಎ1): 0.

ಇಷ್ಟು ಸಾಕು. 232 ಎಲ್ಲಿ ಸತ್ತಿತೋ ಅಲ್ಲೇ ಫಾಲ್ಟ್. ಎಂಸಿಬಿ ಆದ ಮೇಲೇ ಸೊನ್ನೆ ಬಂದಿದ್ರೆ ಕಂಟ್ರೋಲ್ ಸಪ್ಲೈ ಇಲ್ಲ ಅಂತ. ರಿಲೇ ಹತ್ತಿರ ಸತ್ತಿದ್ರೆ ರಿಲೇಯ ಕಾಂಟ್ಯಾಕ್ಟ್ ಕೆಟ್ಟಿದೆ, ಇಲ್ಲಾ ಕಂಟ್ರೋಲರ್ ಆರ್ಡರೇ ಕೊಟ್ಟಿಲ್ಲ. ಎ1 ವರೆಗೂ 232 ಬಂದೂ ಕೂಡದಿದ್ರೆ ಮೀಟರನ್ನ ಎ1-ಎ2 ಮಧ್ಯೆ ಇಡಬೇಕು, ಯಾಕಂದ್ರೆ ಎ2ರ ನ್ಯೂಟ್ರಲ್ ವೈರು ಲೂಸ್ ಆಗಿದ್ರೂ ಎ1ರಲ್ಲಿ ವೋಲ್ಟೇಜ್ ಕಾಣುತ್ತೆ. ಎ1-ಎ2 ಮಧ್ಯೆಯೂ ಪೂರ್ತಿ ವೋಲ್ಟೇಜ್ ಇದ್ದು ಕೂಡದಿದ್ರೆ ಮಾತ್ರ ಕಾಯಿಲ್ ಸುಟ್ಟಿರಬೇಕು ಅಥವಾ ಮೆಕ್ಯಾನಿಕಲ್ ಆಗಿ ಜಾಮ್ ಆಗಿರಬೇಕು.

ಕೆಟ್ಟಿರೋದು ಯಾವುದು?

ನನಗೆ ಖುಷಿ. "ಅಣ್ಣಾ, ಎನ್‌ಸಿ ಕಾಂಟ್ಯಾಕ್ಟ್ ಕೆಟ್ಟಿದೆ ತಾನೇ? 21ಕ್ಕೂ 22ಕ್ಕೂ ಒಂದು ತುಂಡು ವೈರ್ ಹಾಕಿಬಿಡೋಣ, ಕರೆಂಟ್ ಬರುತ್ತೆ" ಅಂದೆ.

ಅಣ್ಣ ನಕ್ಕರು. "ಎನ್‌ಸಿ ಕೆಟ್ಟಿದೆ ಅಂತ ನಿಂಗ್ಯಾರು ಹೇಳಿದ್ರು? ಅದು ನಿಜ ಹೇಳ್ತಿದ್ರೆ?"

ಜನರೇಟರ್ ಆಫ್ ಮಾಡಿ, ಅದು ಮತ್ತೆ ತಾನಾಗಿ ಸ್ಟಾರ್ಟ್ ಆಗದ ಹಾಗೆ ಕಂಟ್ರೋಲರನ್ನ ಆಫ್ ಮೋಡ್‌ಗೆ ಹಾಕಿದ್ರು. ಮೇನ್ಸ್ ಇನ್‌ಕಮರ್, ಹಾಸ್ಟೆಲ್ ಕಡೆಯ ಔಟ್‌ಗೋಯಿಂಗ್ ಎರಡನ್ನೂ ತೆರೆದು ಬೀಗ ಹಾಕಿದ್ರು. ವೋಲ್ಟೇಜ್ ಎಲ್ಲೂ ಇಲ್ಲ ಅಂತ ಚೆಕ್ ಮಾಡಿ, ಮೀಟರನ್ನ ಓಮ್ಸ್‌ಗೆ ತಿರುಗಿಸಿ ಮೇನ್ಸ್ ಕಾಂಟ್ಯಾಕ್ಟರ್‌ನ ಮೂರೂ ಪೋಲ್‌ಗಳನ್ನ ಮೇಲಿಂದ ಕೆಳಕ್ಕೆ ನೋಡಿದ್ರು. ಆರ್ ಓಪನ್. ಬಿ ಓಪನ್. ವೈ ಫೇಸಿನಲ್ಲಿ ಮೀಟರ್ ಬೀಪ್ ಅಂತು, ಸೊನ್ನೆ ಓಮ್.

ಕಾಯಿಲ್‌ಗೆ ಕರೆಂಟೇ ಇಲ್ಲ, ಆದ್ರೂ ಮಧ್ಯದ ಪೋಲ್ ಕೂಡಿಕೊಂಡೇ ಇದೆ. ಕಾಂಟ್ಯಾಕ್ಟ್ ಕರಗಿ ಅಂಟಿಕೊಂಡಿದೆ, ವೆಲ್ಡ್ ಆಗಿದೆ. ಅದು ಅಂಟಿರೋದ್ರಿಂದ ಒಳಗಿನ ಚಲಿಸೋ ಭಾಗ ಪೂರ್ತಿ ಹಿಂದೆ ಬಂದಿಲ್ಲ, ಅದಕ್ಕೇ ಎನ್‌ಸಿ ಕೂಡಿಲ್ಲ. ಇಂಥ ಎನ್‌ಸಿಗೆ ಮಿರರ್ ಕಾಂಟ್ಯಾಕ್ಟ್ ಅಂತ ಹೆಸರು. ಯಾವುದೇ ಒಂದು ಮೇನ್ ಪೋಲ್ ಕೂಡಿದ್ರೂ ಇದು ಕೂಡಬಾರದು ಅನ್ನೋದು ಐಇಸಿ 60947-4-1 ಸ್ಟ್ಯಾಂಡರ್ಡ್‌ನ ಷರತ್ತು. ನಾನು ಕೆಟ್ಟಿದೆ ಅಂದುಕೊಂಡದ್ದೇ ಪ್ಯಾನೆಲ್‌ನಲ್ಲಿ ಸರಿಯಾಗಿ ಕೆಲಸ ಮಾಡ್ತಿತ್ತು.

ಈಗ ಆ ತುಂಡು ವೈರು ಅಥವಾ ಆ ಸ್ಕ್ರೂಡ್ರೈವರ್ ನೆನಪಿಸ್ಕೊಳ್ಳಿ. ಜನರೇಟರ್ ಕೂಡಿದ್ದಿದ್ರೆ ಅದರ ವೈ ಫೇಸ್ ವೆಲ್ಡ್ ಆದ ಪೋಲ್ ಮೂಲಕ ಹಿಂದಕ್ಕೆ, ಹೊರಗಿನ ಎಲ್‌ಟಿ ಲೈನಿಗೆ ಹೋಗ್ತಿತ್ತು. ಟ್ರಾನ್ಸ್‌ಫಾರ್ಮರ್ ಯಾವ ಕಡೆಯಿಂದ ಕೊಟ್ರೂ ಕೆಲಸ ಮಾಡುತ್ತೆ, ಅಲ್ವಾ? ಎಲ್‌ಟಿ ಕಡೆ ವೋಲ್ಟೇಜ್ ಕೊಟ್ರೆ ಆ ಕಡೆ ಸಾವಿರಾರು ವೋಲ್ಟ್ ಬರಬಹುದು. ಆ ಹೊತ್ತಿಗೆ ಲೈನ್ ಸತ್ತಿದೆ ಅಂತ ನಂಬಿ ಕಂಬದ ಮೇಲೆ ಒಬ್ಬ ಲೈನ್‌ಮನ್ ಇದ್ದಿದ್ರೆ? ಆ ಸೀನಿಯರ್ ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ.

ವೆಲ್ಡ್ ಆಗಿದ್ದು ಯಾಕೆ?

ಕಾಂಟ್ಯಾಕ್ಟರ್ ಬದಲಾಯಿಸಿದ್ರೆ ಕೆಲಸ ಮುಗೀತು ಅಂದ್ಕೊಂಡಿದ್ದೆ. ಅಣ್ಣ ಮಾತ್ರ ಸಂಜೆಯ "ಕಟ್ ಕಟ್" ಶಬ್ದದ ಬಗ್ಗೆ ವಿಚಾರಿಸಿ, ಕಂಟ್ರೋಲರ್ ಸೆಟ್ಟಿಂಗ್ ತೆಗೆದು ನೋಡಿದ್ರು. ಮೇನ್ಸ್ ಅಂಡರ್‌ವೋಲ್ಟೇಜ್ ಲಿಮಿಟ್ 140 ವೋಲ್ಟ್‌ಗೆ ಇತ್ತು. ಜನರೇಟರ್ ಪದೇ ಪದೇ ಸ್ಟಾರ್ಟ್ ಆಗಿ ಡೀಸೆಲ್ ಖರ್ಚಾಗುತ್ತೆ ಅಂತ ಯಾರೋ ಹಿಂದೆ ಇಳಿಸಿದ್ರಂತೆ.

ಅದೇ ಸ್ಟ್ಯಾಂಡರ್ಡ್ ಪ್ರಕಾರ ಎಸಿ ಕಾಯಿಲ್ ತನ್ನ ರೇಟೆಡ್ ವೋಲ್ಟೇಜಿನ 85% ಸಿಕ್ಕಿದ್ರೆ ಸರಿಯಾಗಿ ಎಳೆದುಕೊಳ್ಳಬೇಕು. 230ಕ್ಕೆ ಅದು ಸುಮಾರು 195. ಅದಕ್ಕಿಂತ ಕಡಿಮೆಗೆ ಗ್ಯಾರಂಟಿ ಇಲ್ಲ. ಎಳೆದುಕೊಂಡಿರೋದು ಬಿಟ್ಟುಹೋಗೋದು 75% ಮತ್ತು 20% ಮಧ್ಯೆ ಎಲ್ಲಾದ್ರೂ ಆಗಬಹುದು, ಅಂದ್ರೆ 172ಕ್ಕೆ ಬಂದಾಗಲೂ ಬಿಡಬಹುದು. ಹಾಗಾಗಿ 140ರಿಂದ 195ರ ನಡುವೆ ಕಂಟ್ರೋಲರ್ "ಮೇನ್ಸ್ ಚೆನ್ನಾಗಿದೆ" ಅನ್ನುತ್ತೆ, ಕಾಯಿಲ್ ಮಾತ್ರ ಒದ್ದಾಡುತ್ತೆ.

ಆ ಸಂಜೆ ಆಗಿದ್ದು ಇದೇ. ಲೋಡ್ ಇದ್ದಾಗ ವೋಲ್ಟೇಜ್ 160ಕ್ಕೆ ಇಳೀತಿತ್ತು, ಕಾಂಟ್ಯಾಕ್ಟರ್ ಬಿಡ್ತಿತ್ತು. ಬಿಟ್ಟ ತಕ್ಷಣ ಲೋಡ್ ಹೋಗಿ ವೋಲ್ಟೇಜ್ 200 ದಾಟ್ತಿತ್ತು, ಮತ್ತೆ ಕೂಡ್ತಿತ್ತು. ಕೂಡಿದ ಕೂಡಲೇ ಮೆಸ್ಸಿನ ಫ್ರಿಜ್, ವಾಟರ್ ಕೂಲರ್, ಫ್ಯಾನು ಎಲ್ಲಾ ಒಟ್ಟಿಗೆ ಎಳೆದು ಮತ್ತೆ 160. ಕಾಂಟ್ಯಾಕ್ಟ್‌ಗಳು ಗಟ್ಟಿಯಾಗಿ ಒತ್ತಿಕೊಳ್ಳೋಕೆ ಮುಂಚೆಯೇ ದೊಡ್ಡ ಕರೆಂಟ್ ಹರಿದು, ಕಿಡಿ ಹಾರಿ, ಲೋಹ ಕರಗಿ, ಕೊನೆಗೆ ಒಂದು ಪೋಲ್ ಅಂಟಿಕೊಂಡಿದೆ. ಶುರುವಾಗಿದ್ದು ಸೆನ್ಸಿಂಗ್ ಸೆಟ್ಟಿಂಗಿನಲ್ಲಿ, ಒದ್ದಾಡಿದ್ದು ಕಂಟ್ರೋಲ್ ಸಪ್ಲೈ, ಸತ್ತಿದ್ದು ಕಾಂಟ್ಯಾಕ್ಟರ್.

ಆ ರಾತ್ರಿ ಸ್ಪೇರ್ ಕಾಂಟ್ಯಾಕ್ಟರ್ ಇರಲಿಲ್ಲ. ಎಲ್ಲರೂ ಬೈಕೊಂಡು ಮೊಬೈಲ್ ಟಾರ್ಚಲ್ಲೇ ಓದಿದ್ವಿ. ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಹೊಸ ಕಾಂಟ್ಯಾಕ್ಟರ್ ಬಂತು, ಜೊತೆಗೆ ಎರಡರ ಮಧ್ಯೆ ಮೆಕ್ಯಾನಿಕಲ್ ಇಂಟರ್‌ಲಾಕ್ ಕೂಡ, ಹಳೇದರಲ್ಲಿ ಅದಿರಲಿಲ್ಲ. ಒಂದು ಕೂಡಿದ್ರೆ ಇನ್ನೊಂದನ್ನ ಕೈಯಿಂದ ಒತ್ತಿದ್ರೂ ಅದು ಬಿಡಲ್ಲ. ಅಂಡರ್‌ವೋಲ್ಟೇಜ್ ಲಿಮಿಟ್ 200ಕ್ಕೆ ಏರಿತು. ಮೇನ್ಸ್ 210 ದಾಟಿ ಎರಡು ನಿಮಿಷ ನಿಂತರೆ ಮಾತ್ರ ವಾಪಸ್ ಬರೋ ಹಾಗೆ ಟೈಮರ್ ಹಾಕಿದ್ರು.

ಈಗ ವೋಲ್ಟೇಜ್ ಇಳಿದ ಸಂಜೆಗಳಲ್ಲಿ ಜನರೇಟರ್ ಜಾಸ್ತಿ ಓಡುತ್ತೆ. ಡೀಸೆಲ್ ಬಿಲ್ ನೋಡಿ ವಾರ್ಡನ್ ಸರ್ ಒಮ್ಮೆ "ಲಿಮಿಟ್ ಸ್ವಲ್ಪ ಇಳಿಸೋಕಾಗಲ್ವಾ?" ಅಂತ ಕೇಳಿದ್ರು. ಅಣ್ಣ ಹಳೇ ಕಾಂಟ್ಯಾಕ್ಟರನ್ನ ಬಿಚ್ಚಿ, ಅಂಟಿಕೊಂಡಿದ್ದ ಆ ವೈ ಪೋಲನ್ನ ಅವರ ಟೇಬಲ್ ಮೇಲಿಟ್ಟು ಬಂದ್ರು. ಆಮೇಲೆ ಸರ್ ಕೇಳಿಲ್ಲ.