ಮನೆಯಲ್ಲೇ ಕನ್ನಡ ಡಿಟಿಪಿ

ನಡೆದಾಡುವುದು ಕಷ್ಟವಾಗಿದ್ದು, ಕೈಯಲ್ಲೊಂದು ಲ್ಯಾಪ್‌ಟಾಪ್ ಇರುವವರು ಮನೆಯಲ್ಲೇ ಮಾಡಬಹುದಾದ ಉದ್ಯೋಗಗಳಲ್ಲಿ ಕನ್ನಡ ಡಿಟಿಪಿ ಒಂದು. ಹಸ್ತಪ್ರತಿ ಟೈಪ್ ಮಾಡುವುದು, ಕರಡು ತಿದ್ದುವುದು, ಪುಟ ಕಟ್ಟಿ ಮುದ್ರಣಕ್ಕೆ ಕೊಡುವುದು, ಇವಿಷ್ಟೂ ಇದರಲ್ಲಿ ಸೇರುತ್ತವೆ. ಹಸ್ತಪ್ರತಿಯ ಫೋಟೊ ವಾಟ್ಸ್‌ಆಪ್‌ನಲ್ಲಿ ಬರುತ್ತದೆ, ಕಡತ ಇಮೇಲ್‌ನಲ್ಲಿ ಹೋಗುತ್ತದೆ.

ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಉಚಿತ. ಅದರ ಕೀಲಿಮಣೆಯಲ್ಲಿ ಮಹಾಪ್ರಾಣಕ್ಕೂ ದೀರ್ಘಕ್ಕೂ ಶಿಫ್ಟ್ ಒತ್ತಬೇಕು. ಒಂದೇ ಕೈಯಲ್ಲಿ ಟೈಪ್ ಮಾಡುವವರಿಗೆ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತುವುದೇ ತೊಡಕು. ವಿಂಡೋಸ್‌ನಲ್ಲಿ ಶಿಫ್ಟ್ ಅನ್ನು ಐದು ಸಲ ಒತ್ತಿದರೆ ಸ್ಟಿಕಿ ಕೀಸ್ ಸೌಲಭ್ಯ ಸಿಗುತ್ತದೆ. ಆಮೇಲೆ ಕೀಲಿಗಳನ್ನು ಒಂದಾದ ಮೇಲೊಂದು ಒತ್ತಿದರೆ ಸಾಕು. ಬೆರಳೇ ಆಡದವರು ಗೂಗಲ್ ಡಾಕ್ಸ್‌ನಲ್ಲಿ ಕನ್ನಡದಲ್ಲೇ ಹೇಳಿ ಬರೆಸಬಹುದು. ಆದರೆ ಆಡುಮಾತು, ಹೆಸರುಗಳು, ವಿರಾಮಚಿಹ್ನೆಗಳ ತಿದ್ದುಪಡಿಗೆ ಸಾಕಷ್ಟು ಹೊತ್ತು ಹಿಡಿಯುತ್ತದೆ.

ಬರಿಯ ಟೈಪಿಂಗ್‌ಗಿಂತ ಪರಿವರ್ತನೆಯ ಕೆಲಸಕ್ಕೆ ಹೆಚ್ಚು ಬೆಲೆ ಕೇಳಬಹುದು. ಹಳೆಯ ಪುಸ್ತಕಗಳ ಕಡತಗಳು ಹೆಚ್ಚಾಗಿ ಆಸ್ಕಿ ಫಾಂಟಿನಲ್ಲಿವೆ. ಇ-ಪುಸ್ತಕಕ್ಕೂ ಜಾಲತಾಣಕ್ಕೂ ಯೂನಿಕೋಡ್ ಬೇಕು. ಪರಿವರ್ತಕ ತಂತ್ರಾಂಶ ಕ್ಷಣದಲ್ಲಿ ಬದಲಿಸುತ್ತದೆ ನಿಜ, ಆದರೆ ತಪ್ಪುಗಳನ್ನೂ ಬಿಟ್ಟುಹೋಗುತ್ತದೆ. ‘ಸೂರ್ಯ’ ಪದದ ಅರ್ಕಾವತ್ತು ಹಳೆಯ ಕಡತದಲ್ಲಿ ‘ಯ’ದ ನಂತರ ಇರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ನಡುವೆ ಇಂಗ್ಲಿಷ್ ಪದವಿದ್ದರೆ ಅದೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತದೆ. ಹಾಗಾಗಿ ಅರ್ಕಾವತ್ತು, ಒತ್ತಕ್ಷರ, ಇಂಗ್ಲಿಷ್ ಇರುವ ಕಡೆಗಳನ್ನು ಮೂಲದ ಪಕ್ಕದಲ್ಲಿಟ್ಟು ಓದಲೇಬೇಕು. ಗಿರಾಕಿ ಹಣ ಕೊಡುವುದು ಈ ಓದಿಗೆ.

ದರ ಹೇಳುವಾಗ ಹೊಸಬರು ಎಡವುವುದು ಸಾಮಾನ್ಯ. 120 ಪುಟದ ಹಸ್ತಪ್ರತಿ, ಪುಟಕ್ಕೆ 150 ಪದ ಎಂದುಕೊಳ್ಳೋಣ. ಒಟ್ಟು 18,000 ಪದ. ನಿಮಿಷಕ್ಕೆ 15 ಪದದಂತೆ 20 ಗಂಟೆ ಟೈಪಿಂಗ್, ಮೂರು ಸಲದ ಕರಡು ತಿದ್ದುಪಡಿಗೆ ಇನ್ನು 10 ಗಂಟೆ. ಪುಟಕ್ಕೆ 20 ರೂಪಾಯಿ ಒಪ್ಪಿಕೊಂಡರೆ 2,400 ರೂಪಾಯಿ, ಅಂದರೆ ಗಂಟೆಗೆ 80. ಎರಡನೇ ಕರಡಿನಲ್ಲಿ ಲೇಖಕರು ಹೊಸ ಅಧ್ಯಾಯವನ್ನೇ ಸೇರಿಸಿದರೆ (ಸೇರಿಸುವವರು ಇದ್ದಾರೆ) ಅದೂ ಉಳಿಯದು. ಕೆಲಸ ಹಿಡಿಯುವ ಮೊದಲೇ ಎಷ್ಟು ಕರಡು, ಯಾವ ಫಾಂಟು, ಹೊಸ ಪುಟಕ್ಕೆ ಎಷ್ಟು, ಮುಂಗಡ ಎಷ್ಟು ಎಂಬುದನ್ನು ಬರಹದಲ್ಲಿ ಒಪ್ಪಿಸಿಕೊಳ್ಳಬೇಕು. ಮೊದಲ ಗಿರಾಕಿಗಳು ಊರಿನ ಮುದ್ರಣಾಲಯ, ಸಣ್ಣ ಪ್ರಕಾಶಕರು, ಸ್ವಂತ ಖರ್ಚಿನಲ್ಲಿ ಪುಸ್ತಕ ತರುವ ನಿವೃತ್ತ ಮೇಷ್ಟ್ರುಗಳು.

ಬೆನ್ನುಹುರಿಗೆ ಪೆಟ್ಟಾಗಿ ಸ್ಪರ್ಶಜ್ಞಾನ ಇಲ್ಲದವರು ಗಡುವಿನ ಭರದಲ್ಲಿ ಒಂದೇ ಭಂಗಿಯಲ್ಲಿ ಕೂತರೆ ಒತ್ತಡದ ಹುಣ್ಣಾಗುತ್ತದೆ. ಫೋನಿನಲ್ಲಿ ಅಲಾರಂ ಇಟ್ಟುಕೊಂಡು ಆಗಾಗ ಭಾರ ಬದಲಿಸಬೇಕು.

ಉದ್ಯಮ್ ನೋಂದಣಿ ಉಚಿತ. ಆಧಾರ್, ಪ್ಯಾನ್ ಇದ್ದರೆ ಮನೆಯಿಂದಲೇ ಆಗುತ್ತದೆ. ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ ರಾಷ್ಟ್ರೀಯ ದಿವ್ಯಾಂಗಜನ ಹಣಕಾಸು ಮತ್ತು ಅಭಿವೃದ್ಧಿ ನಿಗಮದ ಸಾಲ ಯೋಜನೆಗಳಿವೆ.

ಮನೆಯಲ್ಲೇ ಟೈಪಿಂಗ್ ಕೆಲಸ ಕೊಡುತ್ತೇವೆಂದು ಮೊದಲು ನೋಂದಣಿ ಶುಲ್ಕ ಕೇಳುವವರಿಂದ ದೂರವಿರಿ. ಕೆಲಸ ಮುಗಿಸಿದ ಮೇಲೆ ತಪ್ಪು ಹೆಚ್ಚಿದೆಯೆಂದು ವಕೀಲರ ನೋಟಿಸಿನ ಬೆದರಿಕೆ ಹಾಕಿ ಮತ್ತೆ ಹಣ ಕೀಳುವುದು ಈ ವಂಚಕರ ರೂಢಿ. ಅಂಥ ಕರೆ ಬಂದರೆ 1930ಕ್ಕೆ ದೂರು ಕೊಡಿ.