ಸಂಬಳ ಬಾರದ ದಿನ ಬರೆಯುವ ಮೇಲ್

ಪ್ರತಿ ತಿಂಗಳು 30ಕ್ಕೆ ಬರುತ್ತಿದ್ದ ಸಂಬಳ 1ನೇ ತಾರೀಖಾದರೂ ಬಂದಿಲ್ಲ ಎಂದುಕೊಳ್ಳಿ. ಎಸ್ಸೆಮ್ಮೆಸ್ ಬಾರದೆಯೂ ಹಣ ಜಮೆಯಾಗಿರುವುದುಂಟು, ಹಾಗಾಗಿ ಮೊದಲು ಸ್ಟೇಟ್‌ಮೆಂಟ್ ತೆಗೆದು ನೋಡಿ. ಆಮೇಲೆ ಸಹೋದ್ಯೋಗಿಗಳನ್ನು ಕೇಳಿ. ಯಾರಿಗೂ ಬಂದಿಲ್ಲವಾದರೆ ಕಂಪನಿಯ ಕಡೆಯಿಂದಲೇ ತಡವಾಗಿರಬಹುದು. ನಿಮಗೊಬ್ಬರಿಗೇ ಬಂದಿಲ್ಲವಾದರೆ ಪೇರೋಲ್‌ಗೆ ಇಷ್ಟು ಬರೆಯಿರಿ:

“ವಿಷಯ: ಜೂನ್ ಸಂಬಳ ಜಮೆಯಾಗಿಲ್ಲ, ಉದ್ಯೋಗಿ ಸಂಖ್ಯೆ 4127

ನಮಸ್ಕಾರ. ಜೂನ್ 30ರಂದು ಬರಬೇಕಿದ್ದ ಸಂಬಳ, 6612ರಲ್ಲಿ ಕೊನೆಗೊಳ್ಳುವ ನನ್ನ ಖಾತೆಗೆ ಜುಲೈ 1ರ ಬೆಳಿಗ್ಗೆ 11ರವರೆಗೂ ಜಮೆಯಾಗಿಲ್ಲ. ಸ್ಟೇಟ್‌ಮೆಂಟ್ ಲಗತ್ತಿಸಿದ್ದೇನೆ. ಹಣ ಕಳುಹಿಸಿದ್ದರೆ ದಯವಿಟ್ಟು ಯುಟಿಆರ್ ಸಂಖ್ಯೆ ತಿಳಿಸಿ. ವಾಪಸಾಗಿದ್ದರೆ ಕಾರಣ, ಮತ್ತೆ ಕಳುಹಿಸುವ ದಿನ ತಿಳಿಸಿ.”

ಈ ಮೇಲ್‌ನ ಜೀವ ಯುಟಿಆರ್ ಎಂಬ ಮಾತಿನಲ್ಲಿದೆ. ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ಪ್ರತಿ ಪಾವತಿಗೂ ಇರುವ ಗುರುತಿನ ಸಂಖ್ಯೆ ಅದು. “ಕಳುಹಿಸಿದ್ದೇವೆ” ಎಂಬ ಉತ್ತರವನ್ನು ಬ್ಯಾಂಕಿನವರು ಹುಡುಕಲಾರರು, ಯುಟಿಆರ್ ಕೊಟ್ಟರೆ ಹುಡುಕಬಲ್ಲರು. ಖಾತೆ ಸಂಖ್ಯೆಯೋ ಐಎಫ್‌ಎಸ್‌ಸಿ ಕೋಡೋ ತಪ್ಪಿದ್ದರೆ ಹಣ ಕಂಪನಿಗೇ ಮರಳಬಹುದು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ವಿಲೀನವಾದ ಮೇಲೆ ಹಳೆಯ ಕೋಡ್‌ಗಳು ರದ್ದಾದವು. ಅಂಥ ಬದಲಾವಣೆಯನ್ನು ಪೇರೋಲ್‌ಗೆ ತಿಳಿಸದವರು ಹೀಗೆ ಸಿಕ್ಕಿಕೊಳ್ಳುತ್ತಾರೆ.

2019ರ ವೇತನ ಸಂಹಿತೆಯ ಪ್ರಕಾರ ಮಾಸಿಕ ಸಂಬಳ ಮುಂದಿನ ತಿಂಗಳ 7ರೊಳಗೆ ಸಿಗಬೇಕು. ಮೊದಲ ಮೇಲ್‌ನಲ್ಲೇ ಕಾನೂನು ಎತ್ತುವುದು ಬೇಡ. 7 ದಾಟಿದರೆ ಅದೇ ಮೇಲ್‌ನ ಕೆಳಗೆ, ಎಚ್‌ಆರ್‌ ಅವರನ್ನೂ ಸೇರಿಸಿ, ಈ ನಿಯಮವನ್ನು ನೆನಪಿಸಿ.